‘ಎಲ್ಲವೂ ಸಂಕೇತ’ ಎಂದು ಬರೆದವರಿಗೆ

“ದೇವರ ಬಗ್ಗೆ ನಾವಾಡುವ ಮಾತೆಲ್ಲ ಬರೀ ಸಂಕೇತ ಎಂದು ವಾದಿಸಿ ನಾಲ್ಕು ಪುಟ ಬರೆದಿದ್ದೇನೆ ಸಾರ್. ಪತ್ರಿಕೆಗೆ ಆದೀತೇ? ಆಗದಿದ್ದರೆ ಎಲ್ಲಿ ತಪ್ಪಿದೆ ಹೇಳಿ.” — ಕುಂಬಳೆಯಿಂದ ಒಬ್ಬರು

ಈಗಿರುವ ಹಾಗೆ ಆಗಲಿಕ್ಕಿಲ್ಲ. ತೊಡಕು ಎರಡನೇ ಪುಟದಲ್ಲಿದೆ. ‘ದೇವರು ನನ್ನ ಬಂಡೆ’, ‘ದೇವರು ದಯಾಳು’ ಎರಡನ್ನೂ ಒಂದೇ ಗೋಣಿಗೆ ತುಂಬಿದ್ದೀರಿ. ಎರಡಕ್ಕೂ ‘ಅಲ್ಲ’ ಸೇರಿಸಿ ನೋಡಿ. ‘ದೇವರು ಬಂಡೆಯಲ್ಲ’ ಎಂದರೆ ಭಕ್ತ ನಕ್ಕು ಒಪ್ಪುತ್ತಾನೆ. ‘ದಯಾಳುವಲ್ಲ’ ಎಂದರೆ ಜಗಳಕ್ಕೇ ಬರುತ್ತಾನೆ.

13ನೇ ಶತಮಾನದ ಕ್ರೈಸ್ತ ದಾರ್ಶನಿಕ ಥಾಮಸ್ ಅಕ್ವಿನಾಸ್ ಹಿಡಿದದ್ದು ಈ ವ್ಯತ್ಯಾಸವನ್ನೇ. ಬಂಡೆ ಎಂಬ ಪದದ ಅರ್ಥದೊಳಗೇ ಜಡವಸ್ತು ಕೂತಿದೆ, ಹಾಗಾಗಿ ದೇವರ ಮಟ್ಟಿಗೆ ಅದು ರೂಪಕ. ‘ಒಳ್ಳೆಯವ’ ಎಂಬ ಪದದ ಅರ್ಥಕ್ಕೆ ಆ ಕಟ್ಟಿಲ್ಲ. ಅದು ದೇವರಿಗೆ ನಿಜವಾಗಿಯೇ ಸಲ್ಲುತ್ತದೆ, ಆದರೆ ನೆರೆಮನೆಯವರಿಗೆ ಸಲ್ಲುವ ರೀತಿಯಲ್ಲಲ್ಲ. ಇದಕ್ಕೆ ಸಾದೃಶ್ಯ ಎನ್ನುತ್ತಾರೆ. ಬರೀ ಸಂಕೇತವೂ ಅಲ್ಲ, ನೆರೆಮನೆಯವರಿಗೆ ಹೇಳುವ ಅದೇ ಅರ್ಥವೂ ಅಲ್ಲದ ಈ ನಡುದಾರಿ ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ.

‘ಗಂಜಿ ಆರೋಗ್ಯಕರ’ ಎಂಬ ನಿಮ್ಮ ಉದಾಹರಣೆ ನನಗೆ ಹಿಡಿಸಿತು. ಗಂಜಿಗೇನೂ ಆರೋಗ್ಯವಿಲ್ಲ, ಅದು ಆರೋಗ್ಯಕ್ಕೆ ಕಾರಣ ಅಷ್ಟೆ. ಹಾಗೆಯೇ ದೇವರು ಒಳ್ಳೆಯವ ಎಂದರೆ ಒಳಿತಿಗೆ ಕಾರಣ ಎಂದಷ್ಟೇ ಅರ್ಥ ಎನ್ನುತ್ತೀರಿ. ಅಕ್ವಿನಾಸ್ ಇದನ್ನು ಒಪ್ಪಲಿಲ್ಲ. ಕಾರಣವಾದರೆ ಸಾಕು ಎಂದಾದರೆ, ದೇಹಗಳಿಗೂ ದೇವರೇ ಕಾರಣ, ‘ದೇವರು ದೇಹ’ ಎಂದೂ ಹೇಳಬೇಕಾಗುತ್ತದೆ. ಸಾದೃಶ್ಯವಾದಕ್ಕೂ ಪೆಟ್ಟು ಬಿದ್ದಿದೆ. ಎರಡು ಬಳಕೆಗಳಲ್ಲೂ ಸಮಾನವಾದ ಒಂದು ಅರ್ಥವಿಲ್ಲದಿದ್ದರೆ ಲೋಕದಿಂದ ದೇವರ ಕಡೆಗೆ ಯಾವ ತರ್ಕವೂ ದಾಟಲಾರದು ಎಂದವನು ಅಕ್ವಿನಾಸ್ ನಂತರ ಬಂದ ದಾರ್ಶನಿಕ ಡನ್ಸ್ ಸ್ಕೋಟಸ್. ಈ ಆಕ್ಷೇಪಕ್ಕೆ ನೀವೂ ಉತ್ತರ ಹುಡುಕಬೇಕು.

ನನಗೆ ಸಿಟ್ಟು ಬಂದದ್ದು ಕೊನೆಯ ಪುಟ ಓದಿ. ‘ನಮ್ಮ ಹಿರಿಯರೆಲ್ಲರೂ ದೇವರು ಮಾತಿಗೆ ನಿಲುಕದವನೆಂದೇ ಹೇಳಿದರು’ ಅಂತೆ! ಕುಂಬಳೆಯಲ್ಲಿ ಕೂತು ಬರೆಯುವ ಮಾತೇ ಇದು? ಇಲ್ಲೇ ಕೂಡ್ಲಿನಲ್ಲಿ, ಅರಸ ಜಯಸಿಂಹನ ಕಾಲದಲ್ಲಿ, ತ್ರಿವಿಕ್ರಮ ಪಂಡಿತರೊಡನೆ ವಾದಿಸಿದ ಮಧ್ವಾಚಾರ್ಯರ ನಿಲುವು ಇದಕ್ಕೆ ನೇರ ಎದುರು. ‘ಈಕ್ಷತೇರ್ನಾಶಬ್ದಂ’ ಎಂಬ ಬ್ರಹ್ಮಸೂತ್ರವನ್ನು ಶಂಕರರು, ಸಾಂಖ್ಯರು ಜಗತ್ತಿಗೆ ಕಾರಣವೆನ್ನುವ ಜಡ ‘ಪ್ರಧಾನ’ದ ಖಂಡನೆಯಾಗಿ ಓದಿದರೆ, ಮಧ್ವರು ‘ಬ್ರಹ್ಮ ಶಬ್ದಕ್ಕೆ ಸಿಗದ್ದಲ್ಲ’ ಎಂದು ಓದಿದರು. ಅವರ ಪ್ರಕಾರ ಎಲ್ಲ ಪದಗಳೂ ಮೊದಲು ಹೇಳುವುದು ವಿಷ್ಣುವನ್ನೇ. ಲೋಕದ ವಸ್ತುಗಳಿಗೆ ಆ ಪದ ಆಮೇಲೆ ಸಲ್ಲುತ್ತದೆ. ಅಂದರೆ ಎರವಲು ಪಡೆದವರು ನಾವು, ದೇವರಲ್ಲ.

ಹಾಗಾದರೆ ಬ್ರಹ್ಮವನ್ನು ಮುಟ್ಟಲಾರದೆ ‘ಮಾತು ಹಿಂದಿರುಗುತ್ತದೆ’ ಎಂಬ ತೈತ್ತಿರೀಯ ಶ್ರುತಿಯ ಗತಿ? ಮಧ್ವರ ಭಾಷ್ಯ ಇಲ್ಲಿ ಮೇರುವನ್ನು ತರುತ್ತದೆ: ನೋಡುವವರೂ ಮೇರುವಿನ ರೂಪವನ್ನು ಪೂರ್ತಿ ಕಾಣುವುದಿಲ್ಲ. ಬೇಕಲ ಕೋಟೆಯ ಮೇಲೆ ನಿಂತವರಿಗೆ ಕಡಲು ಕಂಡ ಹಾಗೆ ಅಂತಿಟ್ಟುಕೊಳ್ಳಿ. ಕಂಡದ್ದು ಕಡಲನ್ನೇ, ಅದರ ಸಂಕೇತವನ್ನಲ್ಲ.

ಮಧ್ವರು ತಪ್ಪು ಎಂದು ನೀವು ವಾದಿಸಬಹುದು, ನಾನು ಹಾಕುತ್ತೇನೆ. ಆದರೆ ಅವರಿಲ್ಲದಂತೆ ಬರೆಯಬೇಡಿ. ಕೊನೆಯ ಪುಟ ತೆಗೆದು, ‘ದಯಾಳು’ ಎಂಬ ಒಂದೇ ಪದ ಹಿಡಿದುಕೊಂಡು ಎರಡು ಪುಟ ಬರೆದು ಕಳಿಸಿ.

— ಸಂ.