ಮೊದಲ ಉತ್ತರದಲ್ಲಿ ಒಂದು ಚೊಂಬು ನೀರು

ಖಿನ್ನತೆಯ ಚಿಕಿತ್ಸೆಗಾಗಿ ನನ್ನ ಬಳಿ ಬಂದ ಇವರನ್ನು ಮೇಷ್ಟ್ರು ಎಂದಷ್ಟೇ ಕರೆಯುತ್ತೇನೆ. ಊರು, ಕಲಿಸುತ್ತಿದ್ದ ವಿಷಯ, ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆಯಿದೆ.

ವಯಸ್ಸು 61, ಪ್ರೌಢಶಾಲೆಯಿಂದ ನಿವೃತ್ತರಾಗಿ ಎಂಟು ತಿಂಗಳು. ಮಗಳು ನನ್ನ ನಂಬರ್ ಕೊಟ್ಟಿದ್ದಳು. ವಾಟ್ಸಾಪಿನಲ್ಲಿ ಬಂದ ಮೊದಲ ಸಂದೇಶ ಸಾಕಷ್ಟು ಉದ್ದವಿತ್ತು, ಕಾಗುಣಿತದ ಒಂದು ತಪ್ಪೂ ಇರಲಿಲ್ಲ. ಬೆಳಗಿನ ಜಾವ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಬರುವುದಿಲ್ಲ. ಪೇಪರ್ ಬಂದರೆ ಮಡಿಕೆ ಬಿಚ್ಚುವುದಿಲ್ಲ. ಹಳೆಯ ವಿದ್ಯಾರ್ಥಿಗಳು ಫೋನ್ ಮಾಡಿದರೆ ಎತ್ತುವುದಿಲ್ಲ. ಹಿತ್ತಿಲಿನ ಮಲ್ಲಿಗೆ ಕುಂಡ ಒಣಗುತ್ತಿದೆ, ನೋಡಿಕೊಂಡು ಸುಮ್ಮನಿರುತ್ತೇನೆ. ಕೊನೆಯ ಸಾಲು: "ಏನು ಮಾಡಬೇಕೋ ತೋಚುತ್ತಿಲ್ಲ ಮೇಡಂ. ನೀವೇ ಹೇಳಿ."

ವೃತ್ತಿಯ ಮೊದಲ ವರ್ಷಗಳಲ್ಲಿ ಇಂಥ ಪತ್ರಕ್ಕೆ ನಾನು, "ನಿಮಗೆ ಇಷ್ಟವಾದದ್ದನ್ನು ದಿನಕ್ಕೊಂದು ಮಾಡಿ, ಮುಂದಿನ ವಾರ ಮಾತಾಡೋಣ" ಎಂದು ಬರೆಯುತ್ತಿದ್ದೆ. ಮುಂದಿನ ವಾರ ಬಹಳ ಜನ ಬರುತ್ತಲೇ ಇರಲಿಲ್ಲ. ತಪ್ಪು ನನ್ನದೇ. ಖಿನ್ನತೆ ಮೊದಲು ಕಿತ್ತುಕೊಳ್ಳುವುದೇ ಇಷ್ಟಪಡುವ ಶಕ್ತಿಯನ್ನು. ಅಂಥವರ ಮುಂದೆ "ನಿಮಗಿಷ್ಟವಾದದ್ದು" ಎಂದರೆ ಖಾಲಿ ಹಾಳೆ ಕೊಟ್ಟು ಪರೀಕ್ಷೆಗೆ ಕೂರಿಸಿದ ಹಾಗೆ. ಬರೆಯಲಾಗದೆ ಎದ್ದು ಹೋದವರು, ನಾನು ಇದಕ್ಕೂ ಲಾಯಕ್ಕಿಲ್ಲ ಎಂದುಕೊಂಡೇ ಹೋಗುತ್ತಾರೆ.

ಮೇಷ್ಟ್ರಿಗೆ ಬರೆದ ಉತ್ತರದಲ್ಲಿ ಮೊದಲು ಕೇಳಿದ್ದು ಬೇರೆಯದನ್ನು. "ಸಾಯಬೇಕು ಅನ್ನಿಸುತ್ತದೆಯೇ? ಹೇಗೆ ಎಂದು ಯೋಚಿಸಿದ್ದೀರಾ?" ಇದನ್ನು ಸುತ್ತಿಬಳಸಿ ಕೇಳಬಾರದು. ಜೊತೆಗೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಕೊಟ್ಟೆ. ಅದು ಹಗಲೂ ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. "ಬದುಕು ಸಾಕು ಅನ್ನಿಸುತ್ತದೆ, ಆದರೆ ಹಾಗೇನೂ ಮಾಡಿಕೊಳ್ಳುವುದಿಲ್ಲ" ಎಂದು ಅರ್ಧ ಗಂಟೆಯಲ್ಲಿ ಬರೆದರು. ಫೋನ್ ಮಾಡಿ ಇನ್ನಷ್ಟು ವಿಚಾರಿಸಿಕೊಂಡೆ. ಯೋಜನೆಯೇನಾದರೂ ಇದ್ದಿದ್ದರೆ ಮುಂದೆ ಹೇಳುವ ಕಥೆಯೇ ಇರುತ್ತಿರಲಿಲ್ಲ, ಅದೇ ದಿನ ಮನೋವೈದ್ಯರ ಬಳಿ ಕಳಿಸುತ್ತಿದ್ದೆ.

ಅದೇ ಉತ್ತರದ ಕೊನೆಗೆ ಹೀಗೆ ಬರೆದಿದ್ದೆ:

"ಸರ್, ಸೋಮವಾರ ಭೇಟಿಯಾಗುವ ಮುಂಚೆ ಒಂದು ಸಣ್ಣ ಕೆಲಸ. ಕೆಳಗಿನವು ಮಾದರಿ ಮಾತ್ರ, ಬೇಡವಾದರೆ ಬಿಡಿ. ನಾಳೆ ಬೆಳಗ್ಗೆ ಕಾಫಿ ಲೋಟ ಹಿಡಿದು ಜಗಲಿಗೆ ಬಂದು ಅಲ್ಲೇ ಕುಡಿಯುವುದು. ಅಥವಾ ಮಲ್ಲಿಗೆ ಕುಂಡಕ್ಕೆ ಒಂದು ಚೊಂಬು ನೀರು ಹಾಕುವುದು, ಒಂದೇ ಕುಂಡಕ್ಕೆ. ಅಥವಾ ಎತ್ತದ ಫೋನುಗಳಲ್ಲಿ ಒಂದಕ್ಕೆ 'ನೋಡಿದೆ, ಆಮೇಲೆ ಮಾತಾಡುತ್ತೇನೆ' ಎಂದು ಮೆಸೇಜ್ ಹಾಕುವುದು. ಇವನ್ನು ಓದುವಾಗ ಇಷ್ಟೇ ಸಣ್ಣದು ಇನ್ನೇನಾದರೂ ಹೊಳೆದರೆ ಅದನ್ನೇ ಮಾಡಿ. ಮನಸ್ಸು ಬರಲಿ ಎಂದು ಕಾಯಬೇಡಿ."

ಮೂರನ್ನೂ ಆರಿಸಿದ್ದು ಅವರ ಪತ್ರದಿಂದಲೇ. ವಾಕಿಂಗ್ ಹೋಗಿ, ಯೋಗ ಮಾಡಿ ಎಂದು ಅವರಿಗೆ ಊರೆಲ್ಲ ಹೇಳಿಯಾಗಿತ್ತು. ಒಂದು ಅವರನ್ನು ಮನೆಯಿಂದ ಹೊರಗೆ ತರುವಂಥದ್ದು, ಒಂದು ಕೈಕೆಲಸ, ಇನ್ನೊಂದು ಮನುಷ್ಯರ ಕಡೆಗಿನದು. ಹತ್ತು ನಿಮಿಷ ಮೀರುವ ಯಾವುದೂ ಇಲ್ಲ. ಮಾಡಿದ್ದು ಮುಗಿಯಿತು ಎಂದು ಕಣ್ಣಿಗೇ ಕಾಣುವಂತಿರಬೇಕು. ಚೊಂಬು ಖಾಲಿಯಾದರೆ ಮುಗಿಯಿತು.

ಒಂದೇ ಉದಾಹರಣೆ ಕೊಟ್ಟರೆ ಅದು ಅಪ್ಪಣೆಯಾಗುತ್ತದೆ, ಮಾಡದಿದ್ದವರು ಅಪರಾಧಿಗಳಾಗುತ್ತಾರೆ. ಹತ್ತು ಕೊಟ್ಟರೆ ಆರಿಸುವುದೇ ಒಂದು ಭಾರ. ಈ ಸ್ಥಿತಿಯಲ್ಲಿ ಯಾವ ಅಂಗಿ ಹಾಕಿಕೊಳ್ಳುವುದೆಂದು ತೀರ್ಮಾನಿಸುವುದೂ ಕಷ್ಟ. ಎರಡು ಮೂರು ಇದ್ದರೆ, ಅವುಗಳ ನಡುವೆ ಏನು ಸಮಾನ ಎಂದು ಮನಸ್ಸು ತಾನೇ ಹುಡುಕುತ್ತದೆ. ಓಹೋ, ಇಷ್ಟು ಸಣ್ಣದು ಸಾಕಂತೆ ಎಂಬ ಅಳತೆ ಸಿಗುತ್ತದೆ. ನನಗೆ ಬೇಕಿದ್ದದ್ದು ಆ ಅಳತೆ ಅವರಿಗೆ ಸಿಗುವುದು. ಮೂರರಲ್ಲಿ ಒಂದನ್ನೂ ಮಾಡದೆ ನಾಲ್ಕನೆಯದನ್ನು ಹುಡುಕಿಕೊಂಡರೆ ಇನ್ನೂ ಒಳ್ಳೆಯದು.

ಸೋಮವಾರ ಬಂದರು. ಕೂರುವ ಮುಂಚೆಯೇ, "ಆ ಜಗಲಿ ಐಡಿಯಾ ಮಾತ್ರ ಬೇಡ ಮೇಡಂ" ಎಂದರು, ದನಿ ಸ್ವಲ್ಪ ಗಡುಸಾಗಿಯೇ. ಜಗಲಿಯಲ್ಲಿ ಕೂತರೆ ಹೋಗಿಬರುವವರೆಲ್ಲ "ಏನ್ ಸಾರ್, ರಿಟೈರ್ಡ್ ಲೈಫು ಆರಾಮಾ?" ಅನ್ನುತ್ತಾರಂತೆ. ಆ ಪ್ರಶ್ನೆಗೆ ಹೆದರಿಯೇ ಅವರು ಹೊರಗೆ ಬರುವುದನ್ನು ಬಿಟ್ಟಿದ್ದರು. ಪತ್ರದಲ್ಲಿ ಇದಿರಲಿಲ್ಲ. ನನ್ನ ಉದಾಹರಣೆ ತಪ್ಪಿತ್ತು, ಆದರೆ ತಪ್ಪಿದ್ದರಿಂದಲೇ ವಿಷಯ ಹೊರಬಿತ್ತು. ಮೆಸೇಜ್ ಕೂಡ ಹಾಕಿರಲಿಲ್ಲ. ಕುಂಡಕ್ಕೆ ನೀರು ಹಾಕಿದ್ದರು. "ಅದೇನು ದೊಡ್ಡ ಕೆಲಸ, ಮಗು ಕೂಡ ಮಾಡುತ್ತದೆ."

ಆಮೇಲೆ ಸ್ವಲ್ಪ ತಡೆದು ಹೇಳಿದರು. ಚೊಂಬು ತುಂಬಲು ನಲ್ಲಿ ಹತ್ತಿರ ಹೋದಾಗ ಮೂಲೆಯಲ್ಲಿದ್ದ ಹಳೇ ಸೈಕಲ್ ಕಣ್ಣಿಗೆ ಬಿತ್ತು. ಶಾಲೆಗೆ ಹೋಗುತ್ತಿದ್ದ ಸೈಕಲ್, ಚೈನು ತುಕ್ಕು ಹಿಡಿದಿತ್ತು. ಹಳೇ ಬನಿಯನ್ ಸೀಮೆಎಣ್ಣೆಯಲ್ಲಿ ಅದ್ದಿ ಒಂದು ಗೇಣಿನಷ್ಟು ಚೈನು ಉಜ್ಜಿದರು. ಮಾರನೇ ದಿನ ಇನ್ನೊಂದು ಗೇಣು. "ಇಡೀ ಚೈನು ಯಾಕೆ ಉಜ್ಜಲಿಲ್ಲ?" ಎಂದೆ. "ಸಣ್ಣದು ಅಂತ ನೀವೇ ಬರೆದಿದ್ದಿರಲ್ಲ."

ಅಲ್ಲಿಂದ ಮುಂದೆ ಉದಾಹರಣೆ ಕೊಡುವುದನ್ನು ನಿಲ್ಲಿಸಿದೆ. ಇದು ಮುಖ್ಯ. ಪ್ರತಿ ವಾರ ಮೂರು ಮೂರು ಕೊಡುತ್ತಾ ಹೋದರೆ ಅದು ಹೋಂವರ್ಕ್ ಆಗುತ್ತದೆ. ಅದರಲ್ಲೂ ಮೇಷ್ಟ್ರಂಥವರು ನನ್ನನ್ನು ಮೆಚ್ಚಿಸಲು ಮಾಡಿಕೊಂಡು ಬರುತ್ತಾರೆ. ಹಾಗೆ ಆಗುತ್ತಿದೆ ಎಂಬುದು ಗೊತ್ತಾಗುವುದು, ಹೇಳಿದ್ದಷ್ಟನ್ನೇ ಹೇಳಿದ ಹಾಗೆಯೇ ಮಾಡಿ, ಅದರ ಬಗ್ಗೆ ಒಂದು ಸಾಲೂ ಹೆಚ್ಚು ಹೇಳಲಾಗದೆ ಕೂತಾಗ. ಬದಲಿಗೆ ಒಂದು ನೋಟ್‌ಬುಕ್ ಕೊಟ್ಟೆ: ದಿನದ ಒಂದು ಕೆಲಸ, ಅದರ ಮುಂದೆ ಖುಷಿಗೆ ಹತ್ತಕ್ಕೆಷ್ಟು, 'ಕೈಲಾಯಿತು' ಅನ್ನಿಸಿದ್ದಕ್ಕೆ ಹತ್ತಕ್ಕೆಷ್ಟು. ಈ ಎರಡು ಅಂಕಗಳ ಪದ್ಧತಿ ಅಮೆರಿಕದ ಮನೋವೈದ್ಯ ಆರನ್ ಬೆಕ್ ಅವರ ಚಿಕಿತ್ಸಾ ಕ್ರಮದಿಂದ ಬಂದದ್ದು. ಚೈನು ಉಜ್ಜಿದ್ದಕ್ಕೆ ಮೇಷ್ಟ್ರು ಕೊಟ್ಟದ್ದು ಖುಷಿಗೆ 2, ಕೈಲಾಯಿತು 5. ಆರಂಭದಲ್ಲಿ ಹೀಗೇ ಇರುತ್ತದೆ, ಖುಷಿ ಹಿಂದೆ ಬೀಳುತ್ತದೆ. ಎರಡನ್ನೂ ಸೇರಿಸಿ ಕೇಳಿದ್ದರೆ "ಏನೂ ಪ್ರಯೋಜನವಿಲ್ಲ" ಎಂದುಬಿಡುತ್ತಿದ್ದರು.

ಒಂದು ಚೊಂಬು ನೀರಿನಿಂದ ಖಿನ್ನತೆ ವಾಸಿಯಾಗುತ್ತದೆ ಎಂದು ಯಾರೂ ತಿಳಿಯಬಾರದು. ಮೊದಲ ದಿನ ಖಿನ್ನತೆಯನ್ನು ಅಳೆಯುವ ಪಿಎಚ್‌ಕ್ಯು-9 ಪ್ರಶ್ನಾವಳಿಯಲ್ಲಿ ಅವರಿಗೆ 27ಕ್ಕೆ 13 ಬಂದಿತ್ತು, ಅಂದರೆ ಮಧ್ಯಮ ಮಟ್ಟ. ಥೈರಾಯ್ಡ್, ಬಿ12, ಸಕ್ಕರೆ ಪರೀಕ್ಷೆ ಮಾಡಿಸಲು ಅವರ ಡಾಕ್ಟರ ಹತ್ತಿರ ಕಳಿಸಿದೆ. ಅಂಕ 20 ದಾಟಿದ್ದರೆ, ಅಥವಾ ಊಟ ಬಿಟ್ಟು ಹಾಸಿಗೆ ಹಿಡಿದಿದ್ದರೆ ಮೊದಲು ಮನೋವೈದ್ಯರನ್ನು ಕಾಣಿಸುತ್ತಿದ್ದೆ. ಆಗ ಉದಾಹರಣೆಯ ಅಳತೆಯೂ ಬೇರೆ: ಎದ್ದು ಕೂರುವುದು, ಮುಖಕ್ಕೆ ನೀರು ಹಾಕಿಕೊಳ್ಳುವುದು.

ಆರನೇ ಭೇಟಿಯ ಹೊತ್ತಿಗೆ ಅಂಕ 7ಕ್ಕೆ ಇಳಿದಿತ್ತು, ನಿದ್ದೆ ನಾಲ್ಕೂವರೆವರೆಗೆ ಬರುತ್ತಿತ್ತು. ಒಬ್ಬ ಹಳೆಯ ವಿದ್ಯಾರ್ಥಿಗೆ ಮೆಸೇಜ್ ಹೋಗಿತ್ತು, ಅವನು ಮನೆಗೇ ಬಂದು ಸೈಕಲ್ಲಿಗೆ ಹೊಸ ಟ್ಯೂಬ್ ಹಾಕಿಸಿಕೊಟ್ಟನಂತೆ. ಜಗಲಿಯ ಕಾಫಿ ಏನಾಯಿತು ಎಂದು ಕೇಳಿದೆ.

"ಅದು ಮಾತ್ರ ಆಗಲ್ಲ ಮೇಡಂ. ಹಿತ್ತಿಲಲ್ಲಿ ಕುಡೀತೀನಿ, ಕುಂಡದ ಹತ್ರ."