ಕೇಬಲ್ ತೆಗೆಸಿದರೆ ನಿಜವಾಗಿ ಉಳಿಯುವುದೆಷ್ಟು?

ಪ್ರಶ್ನೆ: ನಾವು ಠಾಣೆಯಲ್ಲಿದ್ದೇವೆ, ಮನೆಯಲ್ಲಿ ಐದು ಜನ. ಅಪ್ಪ ಅಮ್ಮನಿಗೆ ಕನ್ನಡ ಧಾರಾವಾಹಿ ಬೇಕು, ಮಕ್ಕಳಿಗೆ ಕ್ರಿಕೆಟ್ ಮತ್ತು ಸಿನಿಮಾ. ಕೇಬಲ್ ತೆಗೆಸಿ ಬರೀ ಒಟಿಟಿ ಇಟ್ಟುಕೊಂಡರೆ ವರ್ಷಕ್ಕೆ ಅಗ್ಗವಾಗುತ್ತದೆಯೇ?

ನಿಮ್ಮ ಮನೆಯಲ್ಲಿ ಕನ್ನಡ ಧಾರಾವಾಹಿ ನೋಡುವ ಹಿರಿಯರು ಇರುವುದರಿಂದ ಪೂರ್ತಿ ತೆಗೆಸಬೇಡಿ, ಕೇಬಲ್‌ನಲ್ಲಿ ತೆಗೆದುಕೊಳ್ಳುವ ಚಾನೆಲ್‌ಗಳನ್ನು ಕಡಿಮೆ ಮಾಡಿ. ಡೊಂಬಿವಲಿಯ ನಮ್ಮ ಮನೆಯಲ್ಲಿ 2025ರಲ್ಲಿ ಈ ಲೆಕ್ಕವನ್ನು ಕೂತು ಮಾಡಿದ್ದೇನೆ. ಇಲ್ಲಿರುವುದೆಲ್ಲ ಆ ವರ್ಷದ ದರಗಳು.

ನಾವು ಕೇಬಲ್‌ಗೆ ತಿಂಗಳಿಗೆ 450 ರೂಪಾಯಿ ಕೊಡುತ್ತಿದ್ದೆವು, ಅಂದರೆ ವರ್ಷಕ್ಕೆ 5400. ಯಾವುದಕ್ಕೆ ಎಷ್ಟು ಎಂದು ಒಮ್ಮೆಯೂ ಕೇಳಿರಲಿಲ್ಲ. ವಿವರವಾದ ಬಿಲ್ ಕೇಳಿದಾಗ ಗೊತ್ತಾಯಿತು: ಕೇಬಲ್‌ನವರು ನಮಗೆ ಹಾಕಿದ್ದು ಮರಾಠಿ-ಹಿಂದಿಯ ದೊಡ್ಡ ಪ್ಯಾಕ್, ಅದರ ಮೇಲೆ ಕನ್ನಡಕ್ಕಾಗಿ ಇನ್ನೊಂದು ಪ್ಯಾಕ್. ಮೊದಲನೆಯದರಲ್ಲಿ ನಾವು ತಿರುಗಿಸಿ ನೋಡಿದ ಚಾನೆಲ್‌ಗಳು ಬೆರಳೆಣಿಕೆಯಷ್ಟು. ಮುಂಬೈ ಸುತ್ತಮುತ್ತಲಿನ ಕನ್ನಡದ ಮನೆಗಳು ಹಣ ಕಳೆದುಕೊಳ್ಳುವುದು ಮುಖ್ಯವಾಗಿ ಇಲ್ಲಿಯೇ.

ಬೇಕಾದ ಚಾನೆಲ್‌ಗಳನ್ನು ಬಿಡಿಬಿಡಿಯಾಗಿ ಆರಿಸಿಕೊಳ್ಳುವ ಹಕ್ಕು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ನಿಯಮದಿಂದಾಗಿ 2019ರಿಂದಲೇ ನಮಗಿದೆ. ಹಾಗೆ ಆರಿಸಿದಾಗ ಬಿಲ್ಲಿನಲ್ಲಿ ಎರಡು ಭಾಗಗಳಿರುತ್ತವೆ. ಮೊದಲನೆಯದು ಸಂಪರ್ಕದ ಶುಲ್ಕ, ನಮ್ಮಲ್ಲಿ 130 ರೂಪಾಯಿ. ಇದರಲ್ಲೇ ಉಚಿತ ಚಾನೆಲ್‌ಗಳು ಬರುತ್ತವೆ, ಡಿಡಿ ಚಂದನವೂ ಸೇರಿ. ಎರಡನೆಯದು ಹಣ ಕೊಟ್ಟು ನೋಡುವ ಚಾನೆಲ್‌ಗಳ ಬೆಲೆ. ಮುಖ್ಯ ಮನರಂಜನಾ ಚಾನೆಲ್ ಒಂದಕ್ಕೆ ಹೆಚ್ಚೆಂದರೆ 19 ರೂಪಾಯಿ ಎಂದು ಹಿಡಿಯಿರಿ. ನನ್ನ ಅತ್ತೆಗೆ ಬೇಕಾದದ್ದು ಜೀ ಕನ್ನಡ, ಕಲರ್ಸ್ ಕನ್ನಡ, ಸುವರ್ಣ ಮತ್ತು ಉದಯ. ನಾಲ್ಕಕ್ಕೆ 76, ಸಂಪರ್ಕದ್ದು 130, ಒಟ್ಟು 206. ಶೇ. 18 ಜಿಎಸ್‌ಟಿ ಸೇರಿದರೆ 243 ರೂಪಾಯಿ 8 ಪೈಸೆ. ವರ್ಷಕ್ಕೆ 2917. ಸಂಪರ್ಕ ಶುಲ್ಕಕ್ಕಿದ್ದ ಮಿತಿಯನ್ನು ಟ್ರಾಯ್ 2024ರಲ್ಲಿ ತೆಗೆದಿದೆ, ಆದ್ದರಿಂದ ನಿಮ್ಮಲ್ಲಿ ಎಷ್ಟೆಂದು ಮೊದಲು ಕೇಳಿಕೊಳ್ಳಿ.

ಇದೇ ನಾಲ್ಕು ಚಾನೆಲ್‌ಗಳನ್ನು ಆ್ಯಪ್‌ಗಳಲ್ಲಿ ಹುಡುಕಿ ನೋಡಿ. ಕಲರ್ಸ್ ಕನ್ನಡ ಮತ್ತು ಸುವರ್ಣದ ಧಾರಾವಾಹಿಗಳು ಜಿಯೋಹಾಟ್‌ಸ್ಟಾರ್‌ನಲ್ಲಿ, ಜೀ ಕನ್ನಡದ್ದು ಜೀ5ರಲ್ಲಿ, ಉದಯದ್ದು ಸನ್ ನೆಕ್ಸ್ಟ್‌ನಲ್ಲಿ. ಸಂಜೆ ರಿಮೋಟ್ ಹಿಡಿದು ಒಂದು ಚಾನೆಲ್‌ನಿಂದ ಇನ್ನೊಂದಕ್ಕೆ ಹೋಗುತ್ತಿದ್ದವರು ಮೂರು ಆ್ಯಪ್‌ಗಳ ನಡುವೆ ಅಲೆಯಬೇಕು, ನೀವು ಮೂರು ಚಂದಾ ಕಟ್ಟಬೇಕು. ಅತ್ತೆಯನ್ನು ಒಂದು ವಾರ ಹಾಗೆ ಇಟ್ಟು ನೋಡಿದೆ. ಪ್ರತಿ ಸಂಜೆ ಅವರು ನನಗಾಗಿ ಕಾಯುತ್ತಿದ್ದರು, ನಾನು ಲೋಕಲ್ ರೈಲು ಹಿಡಿದು ಮನೆ ಸೇರುವಷ್ಟರಲ್ಲಿ ಧಾರಾವಾಹಿಯ ಹೊತ್ತು ಮುಗಿದಿರುತ್ತಿತ್ತು. ಆ ವಾರದ ನಂತರ ಈ ಪ್ರಶ್ನೆಯನ್ನು ನಾನು ಬರೀ ಹಣದ ಪ್ರಶ್ನೆಯಾಗಿ ನೋಡಲಿಲ್ಲ.

ಮಕ್ಕಳ ಕ್ರಿಕೆಟ್‌ಗೆ ಜಿಯೋಹಾಟ್‌ಸ್ಟಾರ್‌ನ ಸೂಪರ್ ಪ್ಲಾನ್ ಸಾಕಾಯಿತು, ವರ್ಷಕ್ಕೆ 899, ಒಟ್ಟಿಗೆ ಎರಡು ಪರದೆ, ಜಾಹೀರಾತು ಇರುತ್ತದೆ. ಮೊಬೈಲ್ ಪ್ಲಾನ್ ಅಗ್ಗವೆಂದು ಅದನ್ನು ಕೊಳ್ಳಬೇಡಿ, ಅದು ಟಿವಿಯಲ್ಲಿ ಬರುವುದಿಲ್ಲ. ಸೂಪರ್ ಪ್ಲಾನ್ ಇದ್ದುದರಿಂದ ಕೇಬಲ್‌ನಲ್ಲಿ ಕ್ರೀಡಾ ಚಾನೆಲ್ ಒಂದನ್ನೂ ಇಟ್ಟುಕೊಳ್ಳಲಿಲ್ಲ. ನೆಟ್‌ಫ್ಲಿಕ್ಸ್‌ನ 199ರ ಪ್ಲಾನ್ ಅನ್ನು ಹಿಂದೆ ವರ್ಷಪೂರ್ತಿ ಕಟ್ಟಿ 2388 ಕೊಡುತ್ತಿದ್ದೆವು. ಈಗ ಬೇಸಿಗೆ ರಜೆಯ ಎರಡು ತಿಂಗಳು, ದೀಪಾವಳಿಯ ಒಂದು ತಿಂಗಳು, ಅಷ್ಟೇ: 597. ಹಣ ಕಟ್ಟಿದ ದಿನವೇ ರದ್ದು ಮಾಡಿಬಿಡುತ್ತೇನೆ, ತಿಂಗಳು ತುಂಬುವವರೆಗೆ ಅದು ನಡೆಯುತ್ತದೆ. ಇಲ್ಲವಾದರೆ ತನ್ನಷ್ಟಕ್ಕೆ ಹಣ ಕಡಿತವಾಗುತ್ತಾ ಹೋಗುತ್ತದೆ. ಅಮೆಜಾನ್ ಪ್ರೈಮ್ ನಮ್ಮಲ್ಲಿ ಸಾಮಾನು ತರಿಸಲೆಂದು ಇದೆ, ಅದನ್ನು ಟಿವಿಯ ಲೆಕ್ಕಕ್ಕೆ ಹಿಡಿದಿಲ್ಲ.

ಹಿಂದೆ 5400, 899 ಮತ್ತು 2388, ಒಟ್ಟು 8687. ಈಗ 2917, 899 ಮತ್ತು 597, ಒಟ್ಟು 4413.

ಬ್ರಾಡ್‌ಬ್ಯಾಂಡ್ ನಮಗೆ ಕಚೇರಿ ಕೆಲಸಕ್ಕೆ ಹೇಗೂ ಬೇಕಿತ್ತು. ನಿಮ್ಮಲ್ಲಿ ಅದಿಲ್ಲದಿದ್ದು, ಒಟಿಟಿಗೆಂದೇ 499ರ ಪ್ಲಾನ್ ಹಾಕಿಸುವುದಾದರೆ ತೆರಿಗೆ ಸೇರಿ ವರ್ಷಕ್ಕೆ 7066 ರೂಪಾಯಿ ಆಗುತ್ತದೆ. ಆಗ ಬರೀ ಒಟಿಟಿ ಅಗ್ಗವೆಂಬ ಮಾತೇ ನಿಲ್ಲುವುದಿಲ್ಲ.

ಕೇಬಲ್ ಬದಲು ಡಿಶ್ ಹಾಕಿಸಿದರೂ ದರದ ಲೆಕ್ಕ ಹೆಚ್ಚುಕಡಿಮೆ ಇದೇ ರೀತಿ. ಆದರೆ ಇಲ್ಲಿನ ಜುಲೈ ಮಳೆ ನಿಮಗೆ ಗೊತ್ತು, ಜೋರಾಗಿ ಸುರಿದಾಗ ಡಿಶ್‌ನ ಸಿಗ್ನಲ್ ಹೋಗುತ್ತದೆ. ತಿಂಗಳ ಶುಲ್ಕವಿಲ್ಲದ ಡಿಡಿ ಫ್ರೀ ಡಿಶ್‌ನಲ್ಲಿ ಚಂದನ ಸಿಗುತ್ತದೆ, ಅತ್ತೆಯ ಆ ನಾಲ್ಕು ಚಾನೆಲ್‌ಗಳು ಸಿಗುವುದಿಲ್ಲ.

ಕೇಬಲ್‌ನವರ ಬಳಿ ಹೋಗುವಾಗ ಚಾನೆಲ್‌ಗಳ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ‘ಪ್ಯಾಕ್ ಬೇಡ, ಇವಿಷ್ಟೇ ಬೇಕು’ ಎಂದು ನಾನು ಎರಡು ಸಲ ಹೇಳಬೇಕಾಯಿತು. ಮುಂದಿನ ಬಿಲ್ಲಿನಲ್ಲಿ 243 ಬಂದಿದೆಯೇ ಎಂದು ನೋಡಿಯೇ ಹಣ ಕೊಟ್ಟೆ.