ಒಪ್ಪಿಗೆ ಇಲ್ಲ ಅನ್ನುವ ಟಿಪ್ಪಣಿ, ಮೂರು ತಿದ್ದುಪಡಿಗಳ ಜೊತೆ

ಪ್ರಶ್ನೆ: ನಾನು ಕಾಪಿ ಎಡಿಟರ್. ಮ್ಯಾನೇಜರ್ ಕಳಿಸಿದ ಡ್ರಾಫ್ಟ್‌ನಲ್ಲಿ ತಪ್ಪುಗಳಿವೆ, ಓಕೆ ಕೊಡಲು ಮನಸ್ಸು ಬರುತ್ತಿಲ್ಲ. ಒರಟು ಅನ್ನಿಸದ ಹಾಗೆ, ಚಿಕ್ಕದಾಗಿ, ಏನೇನು ತಿದ್ದಬೇಕು ಅಂತ ಹೇಗೆ ಬರೆಯಲಿ?

ಒಪ್ಪಿಗೆ ಇಲ್ಲ ಅನ್ನುವುದನ್ನು ಮೊದಲ ಸಾಲಲ್ಲೇ ಹೇಳಿಬಿಡಿ. ಏನಾದರೆ ಒಪ್ಪಿಗೆ ಕೊಡುತ್ತೀರಿ ಅನ್ನುವುದು ಎರಡನೇ ಸಾಲಲ್ಲಿ ಬರಲಿ. ಎಷ್ಟೋ ಜನ "ಬರವಣಿಗೆ ತುಂಬಾ ಚೆನ್ನಾಗಿ ಬಂದಿದೆ, ಕೆಲವು ಸಣ್ಣ ಸಲಹೆಗಳಿವೆ" ಅಂತ ಶುರು ಮಾಡುತ್ತಾರೆ. ಮ್ಯಾನೇಜರ್ ಮೀಟಿಂಗ್ ನಡುವೆ ಮೊಬೈಲ್ ತೆರೆದು ಅಷ್ಟನ್ನೇ ಓದಿ, ಓಕೆ ಸಿಕ್ಕಿತು ಅಂದುಕೊಂಡು ಫೈಲ್ ಅಚ್ಚಿಗೆ ಕಳಿಸಿಬಿಡುತ್ತಾರೆ. ತಪ್ಪು ಅವರದ್ದಲ್ಲ, ನಾವು ಬರೆದ ರೀತಿಯದ್ದು.

ಇದನ್ನು ನಾನು ಕಲಿತದ್ದು ಪೆಟ್ಟು ತಿಂದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಕೈಪಿಡಿಗೆ 37 ಟಿಪ್ಪಣಿಗಳ ಪಟ್ಟಿ ಕಳಿಸಿದ್ದೆ. ಅಲ್ಪವಿರಾಮ, ಒತ್ತಕ್ಷರ, ಪದ ಬಿಡಿಸಿ ಬರೆಯುವುದು, ಎಲ್ಲವೂ ಒಂದೇ ಸಾಲಿನಲ್ಲಿ. ಸಹಾಯವಾಣಿ ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಿದೆ ಅನ್ನುವುದು 29ನೆಯದಾಗಿತ್ತು. ಮೊದಲ ಇಪ್ಪತ್ತನ್ನು ತಿದ್ದಿ, "ಮಿಕ್ಕಿದ್ದು ಮುಂದಿನ ಮುದ್ರಣಕ್ಕೆ" ಅಂತ ಕೈಪಿಡಿಯನ್ನು ಅಚ್ಚು ಹಾಕಿಸಿದರು. ಆಮೇಲೆ ಸಂಬಂಧವೇ ಇಲ್ಲದ ಯಾರದೋ ಮನೆಗೆ ದಿನವಿಡೀ ಕರೆಗಳು. ಆ ತಪ್ಪನ್ನು ನಾನು ಹಿಡಿದಿದ್ದೆ ನಿಜ. ಆದರೆ ಅದು ಪಟ್ಟಿಯೊಳಗೆ ಹೂತುಹೋಗಿತ್ತು.

ಹಾಗಾಗಿ ಈಗ ಬರೆಯಲು ಕೂರುವ ಮುಂಚೆ ತಪ್ಪುಗಳನ್ನು ಎರಡು ಗುಂಪು ಮಾಡುತ್ತೇನೆ. ಓದಿದವರು ಆ ಸಾಲನ್ನು ನಂಬಿ ತಪ್ಪು ಕೆಲಸ ಮಾಡಬಹುದಾ? ಅಥವಾ ಸುಳ್ಳೊಂದನ್ನು ನಿಜ ಅಂದುಕೊಳ್ಳಬಹುದಾ? ಹೌದು ಅನ್ನಿಸಿದವು ಮಾತ್ರ ಡ್ರಾಫ್ಟನ್ನು ತಡೆಯುವ ತಪ್ಪುಗಳು. ಉಳಿದದ್ದನ್ನು ನಾನೇ ಫೈಲ್‌ನಲ್ಲಿ ತಿದ್ದುತ್ತೇನೆ. ಬದಲಾವಣೆ ಕಾಣುವ ಹಾಗೆ ಟ್ರ್ಯಾಕ್ ಚೇಂಜಸ್ ಹಾಕಿರುತ್ತೇನೆ, ಅವನ್ನು ಟಿಪ್ಪಣಿಯಲ್ಲಿ ಒಂದೊಂದಾಗಿ ಎಣಿಸಲು ಹೋಗುವುದಿಲ್ಲ. "ಈ ವಾಕ್ಯ ನಾನಾಗಿದ್ದರೆ ಬೇರೆ ಥರ ಬರೆಯುತ್ತಿದ್ದೆ" ಅನ್ನುವಂಥವನ್ನಂತೂ ಹಾಗೇ ಬಿಟ್ಟುಬಿಡುತ್ತೇನೆ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಸದಸ್ಯರಿಗೆ ಕಳಿಸುವ ನಾಲ್ಕು ಪುಟದ ಒಂದು ಪ್ರಕಟಣೆ ಅಂದುಕೊಳ್ಳಿ. ಎರಡನೇ ಪುಟದಲ್ಲಿ ಈ ಸಾಲಿದೆ: "ಜೂನ್ 1ರಿಂದ ಹಿಂದಿನಂತೆ ನವೀಕರಣ ಶುಲ್ಕ ಇರುವುದಿಲ್ಲ."

ಮೇಲ್ನೋಟಕ್ಕೆ ಸರಿಯಾಗೇ ಇದೆ, ಅಲ್ವಾ? ಕಾಗುಣಿತ ಸರಿ, ವ್ಯಾಕರಣ ಸರಿ. ಆದರೆ ಇನ್ನೊಮ್ಮೆ ನಿಧಾನವಾಗಿ ಓದಿ. ಹಿಂದೆಯೂ ಶುಲ್ಕ ಇರಲಿಲ್ಲ, ಮುಂದೆಯೂ ಇಲ್ಲ ಅಂತ ಒಂದು ಅರ್ಥ. ಹಿಂದೆ ಶುಲ್ಕ ಇತ್ತು, ಇನ್ನು ಮುಂದೆ ಇಲ್ಲ ಅಂತ ಇನ್ನೊಂದು. ಶುಲ್ಕ ಇರುತ್ತದೆ, ಆದರೆ ಹಿಂದಿನ ಹಾಗಲ್ಲ, ಲೆಕ್ಕ ಬೇರೆ ಅಂತ ಮೂರನೆಯದು. "ಹಿಂದಿನಂತೆ", "ಮೊದಲಿನಂತೆ", "ಎಂದಿನಂತೆ" ಇವುಗಳ ಜೊತೆ "ಇಲ್ಲ" ಬಂದಾಗಲೆಲ್ಲ ಕನ್ನಡದಲ್ಲಿ ಈ ತೊಡಕು ಬರುತ್ತದೆ. "ಎಲ್ಲರಿಗೂ ಸಿಗುವುದಿಲ್ಲ" ಅನ್ನುವುದೂ ಇದೇ ಜಾತಿ. ಯಾರಿಗೂ ಸಿಗುವುದಿಲ್ಲವೋ, ಕೆಲವರಿಗೆ ಸಿಗುತ್ತದೋ? ಮಾತಿನಲ್ಲಾದರೆ ಒತ್ತು ಕೊಟ್ಟು ದಾಟಿಸಬಹುದು. ಕಾಗದದ ಮೇಲೆ ಒತ್ತು ಕಾಣುವುದಿಲ್ಲ. ಅನುಮಾನ ಬಂದರೆ ಆ ಸಾಲನ್ನು ಪಕ್ಕದಲ್ಲಿ ಕೂತ ಇಬ್ಬರಿಗೆ ಬೇರೆ ಬೇರೆಯಾಗಿ ತೋರಿಸಿ, "ದುಡ್ಡು ಕಟ್ಟಬೇಕಾ, ಬೇಡವಾ?" ಅಂತ ಕೇಳಿ. ಉತ್ತರ ಬೇರೆಯಾದರೆ ಸಾಲು ಕೆಟ್ಟಿದೆ ಅಂತಲೇ ಅರ್ಥ.

ಇಲ್ಲಿ ನಾವು ಜಾಸ್ತಿ ಎಚ್ಚರ ವಹಿಸಬೇಕು. ಮೂರರಲ್ಲಿ ಯಾವ ಅರ್ಥ ಸರಿ ಅನ್ನುವುದು ನಮಗೆ ಗೊತ್ತಿಲ್ಲ. ಊಹಿಸಿ ತಿದ್ದಿದರೆ ಗೊಂದಲದ ಸಾಲು ಹೋಗಿ ತಪ್ಪು ಸಾಲು ಬರಬಹುದು, ಅದು ಇನ್ನೂ ಕೆಟ್ಟದ್ದು. "ಸ್ಪಷ್ಟಪಡಿಸಿ" ಅಂತ ಸುಮ್ನೆ ಬರೆದು ಕಳಿಸಿದರೂ ಪ್ರಯೋಜನವಿಲ್ಲ. ಬರೆದವರಿಗೆ ಅದು ಸ್ಪಷ್ಟವಾಗಿಯೇ ಕಾಣುತ್ತಿರುತ್ತದೆ, ಯಾಕೆಂದರೆ ಅವರಿಗೆ ಉತ್ತರ ಮೊದಲೇ ಗೊತ್ತು. ಮೂರು ಅರ್ಥಕ್ಕೂ ಮೂರು ಸಿದ್ಧ ವಾಕ್ಯ ಬರೆದು, ಆರಿಸಿ ಅಂತ ಕೇಳುವುದೇ ಸರಿ. ಮ್ಯಾನೇಜರ್ "ಆ" ಅಂತ ಒಂದಕ್ಷರ ಬರೆದು ಕಳಿಸಿದರೂ ಕೆಲಸ ಮುಗಿಯುತ್ತದೆ.

ಎರಡನೇ ತಪ್ಪು ಮೂರನೇ ಪುಟದ ಶೀರ್ಷಿಕೆಯಲ್ಲಿದೆ: "ದೂರುಗಳಲ್ಲಿ ಶೇ. 3ರಷ್ಟು ಇಳಿಕೆ." ಕೆಳಗೇ ಕೋಷ್ಟಕ ಇದೆ. ಕಳೆದ ವರ್ಷ 4,000 ಅರ್ಜಿಗಳಿಗೆ 480 ದೂರು. ಈ ವರ್ಷ 6,000 ಅರ್ಜಿಗಳಿಗೆ 540 ದೂರು. ಭಾಗಿಸಿ ನೋಡಿ. 100 ಅರ್ಜಿಗೆ 12 ಇದ್ದದ್ದು 9 ಆಗಿದೆ. ಬರೆದವರು 12ರಿಂದ 9 ಕಳೆದು ಶೇ. 3 ಅಂದಿದ್ದಾರೆ. ಆದರೆ 12ರಲ್ಲಿ 3 ಕಡಿಮೆಯಾಗಿದೆ ಅಂದರೆ ಕಾಲು ಭಾಗ ಕಡಿಮೆಯಾದ ಹಾಗೆ, ಅಂದರೆ ಶೇ. 25. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ದೂರುಗಳು ಇಳಿದೇ ಇಲ್ಲ! 480 ಇದ್ದದ್ದು 540 ಆಗಿದೆ, 60 ಹೆಚ್ಚು. ಇಳಿದಿರುವುದು ಅರ್ಜಿಗಳಿಗೆ ಹೋಲಿಸಿದಾಗ ದೂರಿನ ಪ್ರಮಾಣ. ಶೀರ್ಷಿಕೆ ಒಂದು ಹೇಳುತ್ತದೆ, ಎರಡು ಬೆರಳು ಕೆಳಗಿನ ಕೋಷ್ಟಕ ಇನ್ನೊಂದು ಹೇಳುತ್ತದೆ. ಯಾರಾದರೂ ಸದಸ್ಯರು ಇದನ್ನು ಹಿಡಿದರೆ ಉಳಿದ ಮೂರು ಪುಟವನ್ನೂ ಅವರು ನಂಬುವುದಿಲ್ಲ. ಶೀರ್ಷಿಕೆಯಲ್ಲಿ ಶೇಕಡಾ ಕಂಡರೆ ಅಂಕಿಗಳನ್ನು ಯಾವಾಗಲೂ ಕೋಷ್ಟಕದಿಂದ ಮತ್ತೆ ಲೆಕ್ಕ ಹಾಕಿ. ಯಾವುದರ ಶೇಕಡಾ ಅಂತ ಕೇಳಿಕೊಳ್ಳಿ.

ಮೂರನೆಯದು ಸಣ್ಣದು. ಎರಡನೇ ಪುಟದಲ್ಲಿ "ಮೇ 31ರ ಒಳಗೆ", ನಾಲ್ಕನೇ ಪುಟದಲ್ಲಿ "ಮೇ 31ರವರೆಗೆ" ಅಂತಿದೆ. 31ರಂದು ಅರ್ಜಿ ಹಿಡಿದು ಬಂದವರನ್ನು ಒಳಗೆ ಬಿಡುತ್ತೀರೋ ಇಲ್ಲವೋ ಅನ್ನುವುದು ಇದರಿಂದ ಗೊತ್ತಾಗುವುದಿಲ್ಲ.

ಇಷ್ಟಕ್ಕೆ ನಾನು ಬರೆಯುವ ಟಿಪ್ಪಣಿ ಹೀಗಿರುತ್ತದೆ:

"ಮೇಡಂ, ನಮಸ್ಕಾರ.

ಸದಸ್ಯರ ಪ್ರಕಟಣೆಯ ಮೂರನೇ ಡ್ರಾಫ್ಟ್ ಓದಿದೆ. ಈಗಿರುವ ಹಾಗೆ ಅಚ್ಚಿಗೆ ಕಳಿಸಲು ನಾನು ಒಪ್ಪಿಗೆ ಕೊಡುತ್ತಿಲ್ಲ. ಕೆಳಗಿನ ಮೂರು ಸರಿಯಾದರೆ ಇವತ್ತೇ ಕೊಡುತ್ತೇನೆ.

1. ಪುಟ 2, ಎರಡನೇ ಪ್ಯಾರಾ: 'ಹಿಂದಿನಂತೆ ನವೀಕರಣ ಶುಲ್ಕ ಇರುವುದಿಲ್ಲ.' ಇದನ್ನು ಮೂರು ಥರ ಓದಬಹುದು. ಸರಿಯಾದುದನ್ನು ಆರಿಸಿ ತಿಳಿಸಿ.
ಅ) ನವೀಕರಣಕ್ಕೆ ಹಿಂದೆಯೂ ಶುಲ್ಕ ಇರಲಿಲ್ಲ, ಜೂನ್ 1ರ ನಂತರವೂ ಇರುವುದಿಲ್ಲ.
ಆ) ಇಲ್ಲಿಯವರೆಗೆ ಇದ್ದ ನವೀಕರಣ ಶುಲ್ಕ ಜೂನ್ 1ರಿಂದ ಇರುವುದಿಲ್ಲ.
ಇ) ನವೀಕರಣ ಶುಲ್ಕದ ದರ ಜೂನ್ 1ರಿಂದ ಬದಲಾಗುತ್ತದೆ. (ಹಾಗಿದ್ದರೆ ಹೊಸ ದರ ಬೇಕು.)

2. ಪುಟ 3, ಶೀರ್ಷಿಕೆ: 'ದೂರುಗಳಲ್ಲಿ ಶೇ. 3ರಷ್ಟು ಇಳಿಕೆ.' ಕೋಷ್ಟಕದ ಪ್ರಕಾರ ದೂರುಗಳು 480ರಿಂದ 540ಕ್ಕೆ ಏರಿವೆ. ಇಳಿದಿರುವುದು ಪ್ರಮಾಣ. ಹೀಗೆ ಮಾಡೋಣ: 'ದೂರಿನ ಪ್ರಮಾಣ ಶೇ. 12ರಿಂದ ಶೇ. 9ಕ್ಕೆ ಇಳಿಕೆ.' ಕೋಷ್ಟಕದ ಅಂಕಿಗಳು ಸರಿಯೇ ಅಂತ ಲೆಕ್ಕ ಕೊಟ್ಟವರಿಂದ ಖಾತ್ರಿ ಬೇಕು.

3. ಪುಟ 2 ಮತ್ತು 4, ಕೊನೆಯ ದಿನ: ಎರಡೂ ಕಡೆ ಹೀಗಿರಲಿ: 'ಅರ್ಜಿ ಸಲ್ಲಿಸಲು ಮೇ 31 ಕೊನೆಯ ದಿನ.' 31ರಂದು ಅರ್ಜಿ ತೆಗೆದುಕೊಳ್ಳುತ್ತೀರಿ ತಾನೇ?

ಕಾಗುಣಿತದಂಥ ಸಣ್ಣ ತಿದ್ದುಪಡಿಗಳನ್ನು ಫೈಲ್‌ನಲ್ಲೇ ಮಾಡಿದ್ದೇನೆ, ಅವಕ್ಕೆ ನೀವು ಉತ್ತರಿಸಬೇಕಿಲ್ಲ. ಮೂರಕ್ಕೂ ಉತ್ತರ ಬಂದ ಮೇಲೆ ನನಗೆ ಅರ್ಧ ಗಂಟೆ ಸಾಕು. 2ನೆಯದಕ್ಕೆ ಖಾತ್ರಿ ಇವತ್ತು ಸಿಗದಿದ್ದರೆ ಆ ಶೀರ್ಷಿಕೆ ಮತ್ತು ಕೋಷ್ಟಕವನ್ನು ಬಿಟ್ಟು ಉಳಿದದ್ದನ್ನು ಕಳಿಸಬಹುದು."

ಇದರಲ್ಲಿ ಯಾರ ಬಗ್ಗೆಯೂ ಮಾತಿಲ್ಲ, ಗಮನಿಸಿ. "ನೀವು ತಪ್ಪು ಬರೆದಿದ್ದೀರಿ" ಅಂತಿಲ್ಲ, "ಇದನ್ನು ಮೂರು ಥರ ಓದಬಹುದು" ಅಂತಿದೆ. ಒರಟುತನ ಹೋಗುವುದು ಇಲ್ಲಿ. ಹತ್ತು ಸಲ ಕ್ಷಮೆ ಕೇಳಿದರೆ ಹೋಗುವುದಿಲ್ಲ, ಬದಲಿಗೆ ನಿಮಗೇ ನಿಮ್ಮ ಮಾತಿನ ಮೇಲೆ ಅನುಮಾನ ಇದೆ ಅನ್ನಿಸುತ್ತದೆ. "ದಯವಿಟ್ಟು ಪರಿಶೀಲಿಸಬಹುದೇನೋ" ಅಂತ ಬರೆದರೆ ಅದು ತಡೆಯೋ ಸಲಹೆಯೋ ಮ್ಯಾನೇಜರಿಗೆ ತಿಳಿಯುವುದಿಲ್ಲ. ಯಾವ ಡ್ರಾಫ್ಟ್ ಅನ್ನುವುದನ್ನೂ ಮರೆಯದೆ ಬರೆಯಿರಿ. ನೀವು ಮೂರನೆಯದನ್ನು ಓದುವಷ್ಟರಲ್ಲಿ ಅವರ ಹತ್ತಿರ ನಾಲ್ಕನೆಯದು ಇರಬಹುದು. ಆಗ ನಿಮ್ಮ ಪುಟ ಸಂಖ್ಯೆಗಳೇ ಹೊಂದುವುದಿಲ್ಲ. ಅದಕ್ಕೇ ತಪ್ಪು ಸಾಲನ್ನು ಇದ್ದ ಹಾಗೇ ಉದ್ಧರಿಸುವುದು. ಪುಟ ಬದಲಾದರೂ ಹುಡುಕಿದರೆ ಸಿಗುತ್ತದೆ.

ಟಿಪ್ಪಣಿಯನ್ನು ಮ್ಯಾನೇಜರಿಗೆ ಮಾತ್ರ ಕಳಿಸಿ. ಬರೆದವರನ್ನೂ ಇಡೀ ತಂಡವನ್ನೂ ಸೇರಿಸಿದರೆ ಅದು ತಿದ್ದುಪಡಿ ಆಗಿ ಉಳಿಯುವುದಿಲ್ಲ, ಪಂಚಾಯಿತಿ ಆಗುತ್ತದೆ.

1 ಮತ್ತು 3ಕ್ಕೆ ಉತ್ತರ ಕೊಟ್ಟು, 2ನೆಯದಕ್ಕೆ "ಟೈಮ್ ಇಲ್ಲ, ಹಾಗೇ ಹೋಗಲಿ" ಅಂದರೆ? ಆ ಅಧಿಕಾರ ಅವರಿಗಿದೆ, ಜಗಳ ಬೇಡ. ಆದರೆ ಒಪ್ಪಿಗೆಯ ಜಾಗದಲ್ಲಿ ನಿಮ್ಮ ಹೆಸರು ಹಾಕಬೇಡಿ. "ಸರಿ ಮೇಡಂ. 1 ಮತ್ತು 3 ತಿದ್ದಿದ್ದೇನೆ. 2ನೆಯದು ನಿಮ್ಮ ತೀರ್ಮಾನದಂತೆ ಹಾಗೇ ಇದೆ" ಅಂತ ಒಂದೇ ಸಾಲು ಬರೆದು ಕಳಿಸಿ. ಫೋನಿನಲ್ಲಿ ಹೇಳಿದ್ದರೂ ಬರಹದಲ್ಲಿ ಇರಲಿ. ನನ್ನ ಅನುಭವದಲ್ಲಿ ಎಷ್ಟೋ ಸಲ ಆ ಸಾಲು ಓದಿದ ಮೇಲೆಯೇ ಅವರು ಕೋಷ್ಟಕ ತೆರೆದು ನೋಡಿದ್ದಾರೆ.

ತಿದ್ದಿದ ಫೈಲ್ ವಾಪಸ್ ಬಂದಾಗ ಆ ಮೂರು ಸಾಲುಗಳನ್ನಷ್ಟೇ ನೋಡಿ ಓಕೆ ಕೊಟ್ಟುಬಿಡಬೇಡಿ. "ಶೇ. 3" ಅಂತ ಇಡೀ ಫೈಲ್‌ನಲ್ಲಿ ಹುಡುಕಿ. ಒಳಗಿನ ಶೀರ್ಷಿಕೆ ಬದಲಾಗಿರುತ್ತದೆ, ಮೊದಲ ಪುಟದ ಪರಿವಿಡಿಯಲ್ಲಿ ಹಳೆಯದೇ ಕೂತಿರುತ್ತದೆ. ಆಮೇಲೆ "ಹಿಂದಿನಂತೆ" ಅಂತಲೂ ಒಮ್ಮೆ ಹುಡುಕಿ.